ತಾಸಿಗೆ ಎಷ್ಟು ಜೇಬು?

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಶರ್ಟಿಗೆ ಜೇಬು ಹೊಲಿಯುವ ಕೆಲಸವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ ಎನ್ನಿ. ಹಲವು ಸುತ್ತುಗಳ ಸರಾಸರಿ 40 ಸೆಕೆಂಡು. ತಾಸಿಗೆ 90 ಜೇಬು ಎಂದು ಇಲ್ಲೇ ಗುರಿ ಬರೆದುಬಿಟ್ಟರೆ ಅದು ಅನ್ಯಾಯ.

ಅಳೆದದ್ದು ಚುರುಕು ಕೈಯ ಹೆಂಗಸನ್ನು. ಆಕೆಯ ವೇಗ ಸಾಮಾನ್ಯರ 110% ಎಂದು ಅಂದಾಜಿಸಿದರೆ, ಸಾಮಾನ್ಯ ಸಮಯ 44 ಸೆಕೆಂಡು. ಈ ಅಂದಾಜು ಅಳೆಯುವವನ ಕಣ್ಣಿನದು. ವಾದ ಹುಟ್ಟುವುದೂ ಹೆಚ್ಚಾಗಿ ಇಲ್ಲೇ.

ನೀರು, ಶೌಚಕ್ಕೆ 5%, ದಣಿವಿಗೆ 4%, ದಾರ ತುಂಡಾಗುವ, ಬಾಬಿನ್ ಬದಲಿಸುವ ತಡೆಗಳಿಗೆ 6% ಸೇರಿಸೋಣ. ಒಟ್ಟು 15%. ಆಗ ಪ್ರಮಾಣಿತ ಸಮಯ 50.6 ಸೆಕೆಂಡು, ಗುರಿ ತಾಸಿಗೆ 71. ಗುರಿ ಮುಟ್ಟಲೆಂದು ಕಾರ್ಮಿಕರು ನೀರು ಕುಡಿಯುವುದನ್ನೇ ಬಿಟ್ಟಿದ್ದರೆ, ಲೆಕ್ಕವನ್ನು ಮತ್ತೆ ಮಾಡಬೇಕು.