ಬರಹವೊಂದು, ದನಿ ಮೂರು

ಇಂಗ್ಲಿಷಿನ ಕ್ರಮಬದ್ಧ ಕ್ರಿಯಾಪದಗಳೆಲ್ಲ ಭೂತಕಾಲದಲ್ಲಿ ‘ಇ’, ‘ಡಿ’ ಎಂಬ ಎರಡಕ್ಷರಗಳಿಂದ ಮುಗಿಯುತ್ತವೆ. ಆದರೆ ಆ ಬರಹಕ್ಕೆ ನುಡಿಯಲ್ಲಿ ದನಿಗಳು ಮೂರು: ಟ್, ಡ್, ಇಡ್. ಅಭ್ಯಾಸಪತ್ರದಲ್ಲಿ ಮೂರು ಕಲಂ ಎಳೆದು, ಪದಗಳನ್ನು ವಿಂಗಡಿಸಿರಿ ಎಂದಾಗ ನಮ್ಮ ವಿದ್ಯಾರ್ಥಿ ಕಣ್ಣನ್ನು ನಂಬುತ್ತಾನೆ, ನಂಬಬೇಕಾದದ್ದು ಕಿವಿಯನ್ನು.

ಮೊದಲು ಕೇಳಬೇಕಾದ ಪ್ರಶ್ನೆ: ಮೂಲ ಕ್ರಿಯಾಪದದ ಕೊನೆಯ ದನಿ ಟ್ ಅಥವಾ ಡ್ ಆಗಿದೆಯೇ? ಆಗಿದ್ದರೆ ಪ್ರತ್ಯಯ ಇಡ್. ವಾಂಟ್ ವಾಂಟಿಡ್ ಆಗುತ್ತದೆ, ನೀಡ್ ನೀಡಿಡ್ ಆಗುತ್ತದೆ. ಟಕಾರದ ಬೆನ್ನಿಗೇ ಮತ್ತೊಂದು ಟಕಾರ ಬಂದರೆ ಅದು ಕಿವಿಗೆ ಬೀಳದು. ಆದ್ದರಿಂದ ನಡುವೆ ಸ್ವರವೊಂದು ಉಳಿದಿದೆ. ಹಿಂದಿನ ಇಂಗ್ಲಿಷಿನಲ್ಲಿ ಈ ಸ್ವರ ಇತರ ಕ್ರಿಯಾಪದಗಳಲ್ಲಿಯೂ ಕೇಳಿಸುತ್ತಿತ್ತು. ಕಾಲಕ್ರಮದಲ್ಲಿ ಅದು ಬಾಯಿಂದ ಬಿದ್ದುಹೋಯಿತು, ಬರಹದಲ್ಲಿ ನಿಂತಿತು. ವಾಚ್‌ಟ್ ಎನ್ನಬೇಕಾದಲ್ಲಿ ‘ವಾಚೆಡ್’ ಎಂದು ನಾವು ಒಂದು ಉಚ್ಚಾರಾಂಶವನ್ನು ಎರಡಾಗಿಸುವುದು ಆ ಹಳೆಯ ಬರಹವನ್ನು ಓದಿಯೇ.

ಎರಡನೆಯ ಪ್ರಶ್ನೆ: ಕೊನೆಯ ದನಿ ಘೋಷವೋ ಅಘೋಷವೋ? ಗಂಟಲ ಮೇಲೆ ಬೆರಳಿಟ್ಟು ಆ ದನಿಯೊಂದನ್ನೇ ಎಳೆದು ನುಡಿಯಿರಿ. ‘ಸ್’ ಎನ್ನುವಾಗ ಕಂಪನವಿಲ್ಲ, ‘ಝ್’ ಎನ್ನುವಾಗ ಇದೆ. ಕಂಪನವಿಲ್ಲದಿದ್ದರೆ ಟ್, ಇದ್ದರೆ ಡ್. ಸ್ವರಗಳೆಲ್ಲ ಘೋಷವಾದ್ದರಿಂದ ಪ್ಲೇ ಎಂಬುದು ಪ್ಲೇಡ್. ಇದು ನಮಗೆ ಅಪರಿಚಿತವಾದ ವ್ಯಾಪಾರವಲ್ಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವಲ್ಲಿ ಅಘೋಷ ತಕಾರವು ಸ್ವರಗಳ ನಡುವೆ ಘೋಷ ದಕಾರವಾಗುತ್ತದೆ. ಅಲ್ಲಿಯೂ ಇಲ್ಲಿಯೂ ನೆರೆಯ ದನಿ ತನ್ನ ಗುಣವನ್ನು ಹತ್ತಿಸುತ್ತದೆ.

ಪ್ರಶ್ನೆಗಳ ಕ್ರಮವನ್ನು ಮಾತ್ರ ತಪ್ಪಿಸಬಾರದು. ಟಕಾರವೂ ಅಘೋಷವೇ, ಘೋಷದ ಪ್ರಶ್ನೆಯನ್ನೇ ಮೊದಲು ಕೇಳಿದರೆ ವಾಂಟ್ ತಪ್ಪಾಗಿ ಟಕಾರದ ಕಲಮಿಗೆ ಹೋಗುತ್ತದೆ.

ಈಗ ಎರಡು ಪದಗಳನ್ನು ವಿಂಗಡಿಸಿ ನೋಡೋಣ. ಓಟದ ಪಂದ್ಯದ ‘ರೇಸ್’, ಸಾಕಿ ಬೆಳೆಸುವ ‘ರೇಝ್’. ಎರಡನೆಯದನ್ನು ಬರೆಯುವುದು ಎಸ್ ಅಕ್ಷರದಿಂದ. ಕಣ್ಣಿಗೆ ಅದು ಅಘೋಷವೆಂದೇ ತೋರುತ್ತದೆ. ನುಡಿದರೆ ಗಂಟಲು ಕಂಪಿಸುತ್ತದೆ. ಹಾಗಾಗಿ ಮೊದಲನೆಯದು ರೇಸ್ಟ್, ಎರಡನೆಯದು ರೇಝ್ಡ್. ಒಬ್ಬಾತ ಕುದುರೆಗಳನ್ನು ಪಂದ್ಯದಲ್ಲಿ ಓಡಿಸಿದನೋ ಸಾಕಿ ಬೆಳೆಸಿದನೋ ಎಂಬುದನ್ನು ಕೇಳುಗನು ತಿಳಿಯಬೇಕಾದದ್ದು ಈ ಕೊನೆಯ ದನಿಗಳಿಂದಲೇ. ಹಾಗೆಯೇ ‘ಲಾಫ್’ ಬರಹದಲ್ಲಿ ಜಿ, ಎಚ್ ಅಕ್ಷರಗಳಿಂದ ಮುಗಿದರೂ ದನಿ ಫ್, ಆದ್ದರಿಂದ ಲಾಫ್ಟ್.

ಈ ನಿಯಮಕ್ಕೆ ಒಂದು ಎಲ್ಲೆಯುಂಟು. ಕೆಲವು ವಿಶೇಷಣಗಳು ಹಳೆಯ ಸ್ವರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ‘ಕಲಿತನು’ ಎಂಬ ಕ್ರಿಯೆಯಾದರೆ ಲರ್ನ್ಡ್. ‘ವಿದ್ವಾಂಸನಾದ’ ಎಂಬ ವಿಶೇಷಣವಾದರೆ ಲರ್ನಿಡ್. ಅಕ್ಷರಗಳು ಅವೇ, ಅರ್ಥವನ್ನು ಅರಿತಲ್ಲದೆ ಅದನ್ನು ಯಾವ ಕಲಮಿನಲ್ಲಿಯೂ ಬರೆಯಲಾಗದು.