ಮಣ್ಣಿನಲ್ಲಿ ಹೂತ ಬೀಸುಕಲ್ಲು ಎಷ್ಟು ದೊಡ್ಡದು?

ಮಕ್ಕಳೇ, ಬೀಸುಕಲ್ಲನ್ನು ನೀವು ನೋಡಿದ್ದೀರಾ? ಹಿಂದೆ ಮನೆಮನೆಯಲ್ಲೂ ರಾಗಿ ಬೀಸಲು ಇದ್ದ ದುಂಡನೆಯ ಕಲ್ಲು ಅದು. ಬೆಂಗಳೂರಿನ ಜಾಲಹಳ್ಳಿಯ ಹಳೆಯ ಊರಿನ ಒಂದು ಗಲ್ಲಿಯಲ್ಲಿ ಅಂಥ ಕಲ್ಲೊಂದು ನೆಟ್ಟಗೆ ನಿಂತು, ಬಹುಪಾಲು ಮಣ್ಣಿನೊಳಗೆ ಹೂತುಹೋಗಿತ್ತು. ಮೇಲಿನ ಸ್ವಲ್ಪ ಭಾಗ ಮಾತ್ರ ಬಿಲ್ಲಿನ ಹಾಗೆ ಹೊರಗೆ ಕಾಣುತ್ತಿತ್ತು. ಅದನ್ನು ತೆಗೆದು ಶಾಲೆಗೆ ತರಬೇಕೆಂದು ಏಳನೆಯ ತರಗತಿಯ ಮಕ್ಕಳು ಹಾರೆ ಹಿಡಿದು ಹೊರಟರು.

ಪಕ್ಕದ ಮನೆಯ ತಾತ ತಡೆದರು. ಅವರು ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದವರು.

"ನಿಲ್ಲಿ ಮಕ್ಕಳೇ! ಇಲ್ಲಿ ಅರ್ಧ ಮೀಟರ್ ಕೆಳಗೆ ನೀರಿನ ಪೈಪಿದೆ. ಕಲ್ಲು ಎಷ್ಟು ಆಳಕ್ಕೆ ಹೋಗಿದೆ ಅಂತ ಗೊತ್ತೇನು?"

"ಅಗೆದರೆ ತಾನೇ ಗೊತ್ತಾಗೋದು ತಾತ?" ಎಂದಳು ಒಬ್ಬ ಹುಡುಗಿ.

"ಅಗೆಯದೆಯೂ ಗೊತ್ತಾಗುತ್ತೆ ಕಣಮ್ಮ. ಎರಡು ಅಳತೆ ತಗೊಂಡು ಬಾ, ಸಾಕು" ಎಂದರು ತಾತ.

ಆ ಎರಡು ಅಳತೆಗಳು ಯಾವುವು? ಅವುಗಳಿಂದ ಕಾಣದ ಭಾಗ ಹೇಗೆ ತಿಳಿಯುತ್ತದೆ? ಬನ್ನಿ, ಚಿತ್ರ ಬರೆದುಕೊಂಡು ನೋಡೋಣ.

ಚಿತ್ರ ಬರೆಯಿರಿ

ಕೈವಾರದಿಂದ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೇಂದ್ರಕ್ಕೆ 'ಕ' ಎಂದು ಹೆಸರಿಡಿ. ಕೇಂದ್ರಕ್ಕಿಂತ ಮೇಲೆ, ಅಡ್ಡಲಾಗಿ 8 ಸೆಂ.ಮೀ. ಉದ್ದದ ಜ್ಯಾ ಎಳೆಯಿರಿ. ಇದೇ ನೆಲದ ಗೆರೆ ಎಂದು ಭಾವಿಸಿ. ಅದರ ಎಡ ತುದಿ 'ಎ', ಬಲ ತುದಿ 'ಬ', ನಡುಬಿಂದು 'ನ'. ಈಗ ಕ ಮತ್ತು ನ ಸೇರಿಸಿ, ಆ ಗೆರೆಯನ್ನು ಎರಡೂ ಕಡೆ ವೃತ್ತ ಮುಟ್ಟುವವರೆಗೆ ಬೆಳೆಸಿ. ಅದು ಮೇಲೆ ಮುಟ್ಟುವ ಬಿಂದು 'ಮ', ತಳದಲ್ಲಿ ಮುಟ್ಟುವ ಬಿಂದು 'ತ'. ಮ-ತ ಗೆರೆ ಕೇಂದ್ರದ ಮೂಲಕ ಹೋಗುವುದರಿಂದ ಅದು ವೃತ್ತದ ವ್ಯಾಸ. ಕೊನೆಗೆ ಎ ಬಿಂದುವನ್ನು ಮ, ಕ, ತ ಮೂರಕ್ಕೂ ಸೇರಿಸಿ.

ಚಿತ್ರದ ಮೇಲಿನ ಭಾಗ ಬಿಲ್ಲಿನಂತೆ ಕಾಣುತ್ತದೆ ಅಲ್ಲವೇ? ಎ-ಬ ಗೆರೆ ಬಿಲ್ಲಿನ ಹೆದೆ. 'ಜ್ಯಾ' ಎಂದರೆ ಹೆದೆ ಎಂದೇ ಅರ್ಥ. ಮ-ನ ಗೆರೆ ಹೆದೆಗೆ ಹೂಡಿದ ಬಾಣ. ನಮ್ಮ ಹಿಂದಿನ ಗಣಿತಜ್ಞರು ಅದನ್ನು ಬಾಣ ಎಂದೇ ಕರೆದರು. ಎ-ನ ಗೆರೆ ಜ್ಯಾದ ಅರ್ಧ, ಅಂದರೆ ಅರ್ಧಜ್ಯಾ. ಬೀಸುಕಲ್ಲಿನಲ್ಲಿ ಬಾಣ ಮತ್ತು ಅರ್ಧಜ್ಯಾ ನೆಲದ ಮೇಲಿವೆ, ಅವನ್ನು ಅಳೆಯಬಹುದು. ನ-ತ ಗೆರೆ ಮಾತ್ರ ಮಣ್ಣಿನೊಳಗಿದೆ. ನಮಗೆ ಬೇಕಾದದ್ದು ಅದೇ.

ಒಂದೊಂದು ಹೆಜ್ಜೆ, ಒಂದೊಂದು ನಿಯಮ

ಚಿತ್ರದಲ್ಲಿ 'ಹಾಗೆ ಕಾಣುತ್ತದೆ' ಎಂಬುದು ರೇಖಾಗಣಿತದಲ್ಲಿ ಸಾಲದು. ಪ್ರತಿ ಹೆಜ್ಜೆಗೂ 'ಯಾವ ನಿಯಮದಿಂದ?' ಎಂದು ಕೇಳಬೇಕು.

1. ಕ-ಮ, ಕ-ಎ, ಕ-ತ ಮೂರೂ ಸಮ. (ನಿಯಮ: ಒಂದೇ ವೃತ್ತದ ತ್ರಿಜ್ಯಗಳು ಸಮ.)

2. ಆದ್ದರಿಂದ ಕ-ಮ-ಎ ಸಮದ್ವಿಬಾಹು ತ್ರಿಭುಜ. ಅದರಲ್ಲಿ ಮ ಕೋನ ಮತ್ತು ಎ ಕೋನ ಸಮ. ಇವೆರಡಕ್ಕೂ ಕೆಂಪು ಬಣ್ಣ ಹಚ್ಚಿ. ಹಾಗೆಯೇ ಕ-ಎ-ತ ತ್ರಿಭುಜದಲ್ಲಿ ಎ ಕೋನ ಮತ್ತು ತ ಕೋನ ಸಮ. ಇವಕ್ಕೆ ನೀಲಿ ಬಣ್ಣ. (ನಿಯಮ: ತ್ರಿಭುಜದಲ್ಲಿ ಸಮ ಬಾಹುಗಳ ಎದುರಿನ ಕೋನಗಳು ಸಮ.)

3. ಈಗ ಮ-ಎ-ತ ಎಂಬ ದೊಡ್ಡ ತ್ರಿಭುಜ ನೋಡಿ. ಅದರಲ್ಲಿ ಎರಡು ಕೆಂಪು, ಎರಡು ನೀಲಿ ಕೋನಗಳಿವೆ. ಎಲ್ಲ ಸೇರಿ 180 ಡಿಗ್ರಿ. (ನಿಯಮ: ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ.) ಹಾಗಾದರೆ ಒಂದು ಕೆಂಪು, ಒಂದು ನೀಲಿ ಸೇರಿ 90 ಡಿಗ್ರಿ. ಎ ಬಿಂದುವಿನಲ್ಲಿ ಇರುವುದು ಒಂದು ಕೆಂಪು, ಒಂದು ನೀಲಿ. ಆದ್ದರಿಂದ ಅಲ್ಲಿನ ಇಡೀ ಕೋನ 90 ಡಿಗ್ರಿ. ಇದೇ 'ಅರ್ಧವೃತ್ತದಲ್ಲಿನ ಕೋನ ಲಂಬಕೋನ' ಎಂಬ ಪ್ರಮೇಯ. ಗ್ರೀಸಿನ ಥೇಲ್ಸ್‌ನ ಹೆಸರಿನಿಂದ ಇದನ್ನು ಕರೆಯುವುದುಂಟು.

4. ನ ಬಿಂದುವಿನಲ್ಲಿ ಮ-ತ ಗೆರೆ ಜ್ಯಾಕ್ಕೆ ಲಂಬವಾಗಿದೆ. (ನಿಯಮ: ಕೇಂದ್ರವನ್ನು ಜ್ಯಾದ ನಡುಬಿಂದುವಿಗೆ ಸೇರಿಸುವ ಗೆರೆ ಜ್ಯಾಕ್ಕೆ ಲಂಬ.) ಅಂದರೆ ಅಲ್ಲಿನ ಕೋನಗಳೂ 90 ಡಿಗ್ರಿ.

5. ಈ ಲಂಬ ದೊಡ್ಡ ತ್ರಿಭುಜವನ್ನು ಎರಡು ತುಂಡು ಮಾಡಿದೆ. ಮೇಲಿನ ಚಿಕ್ಕ ತ್ರಿಭುಜ ಮ-ನ-ಎ. ಅದರಲ್ಲಿ ನ ಕೋನ 90 ಡಿಗ್ರಿ, ಮ ಕೋನ ಕೆಂಪು. ಕೆಂಪು, ನೀಲಿ ಸೇರಿದರೆ 90 ತಾನೇ? ಹಾಗಾದರೆ ಎ ಬಳಿ ಉಳಿಯುವ ಕೋನ ನೀಲಿಯಷ್ಟೇ ಇರಬೇಕು. ಕೆಳಗಿನ ತ್ರಿಭುಜ ಎ-ನ-ತ. ಅದರಲ್ಲಿ ನ ಕೋನ 90 ಡಿಗ್ರಿ, ತ ಕೋನ ನೀಲಿ. ಎ ಬಳಿ ಉಳಿಯುವುದು ಕೆಂಪಿನಷ್ಟು. (ಮತ್ತೆ ಅದೇ ನಿಯಮ: ಮೂರು ಕೋನಗಳ ಮೊತ್ತ 180 ಡಿಗ್ರಿ.)

6. ಎರಡು ತ್ರಿಭುಜಗಳಲ್ಲೂ ಒಂದು ಕೆಂಪು, ಒಂದು ನೀಲಿ, ಒಂದು ಲಂಬಕೋನ. ಆದ್ದರಿಂದ ಅವು ಸಮರೂಪ ತ್ರಿಭುಜಗಳು. (ನಿಯಮ: ಕೋನ-ಕೋನ ಸಮರೂಪತೆ.) ಗಾತ್ರ ಬೇರೆ, ಆಕಾರ ಒಂದೇ. ಒಂದೇ ಫೋಟೋದ ಚಿಕ್ಕ ಪ್ರತಿ ಮತ್ತು ದೊಡ್ಡ ಪ್ರತಿ ಇದ್ದ ಹಾಗೆ.

7. ಸಮರೂಪ ತ್ರಿಭುಜಗಳಲ್ಲಿ ಅನುರೂಪ ಬಾಹುಗಳು ಸಮಾನುಪಾತದಲ್ಲಿರುತ್ತವೆ. ಯಾವ ಬಾಹುವಿಗೆ ಯಾವುದು ಜೊತೆ? ಬಣ್ಣ ಹೇಳುತ್ತದೆ. ಚಿಕ್ಕ ತ್ರಿಭುಜದಲ್ಲಿ ನೀಲಿಯ ಎದುರು ಬಾಣ, ಕೆಂಪಿನ ಎದುರು ಅರ್ಧಜ್ಯಾ. ದೊಡ್ಡದರಲ್ಲಿ ನೀಲಿಯ ಎದುರು ಅರ್ಧಜ್ಯಾ, ಕೆಂಪಿನ ಎದುರು ಹೂತ ಭಾಗ. ಆದ್ದರಿಂದ

ಬಾಣ ÷ ಅರ್ಧಜ್ಯಾ = ಅರ್ಧಜ್ಯಾ ÷ ಹೂತ ಭಾಗ

ಓರೆ ಗುಣಾಕಾರ ಮಾಡಿದರೆ

ಬಾಣ × ಹೂತ ಭಾಗ = ಅರ್ಧಜ್ಯಾ × ಅರ್ಧಜ್ಯಾ

ನಿಮ್ಮ ಚಿತ್ರದಲ್ಲೇ ಅಳೆದು ನೋಡಿ. ಬಾಣ 2, ಅರ್ಧಜ್ಯಾ 4, ಉಳಿದ ಭಾಗ 8 ಸೆಂ.ಮೀ. ಬರಬೇಕು. 2 × 8 = 16, 4 × 4 = 16.

ಅನೇಕರು ಎಡವುವುದು ಏಳನೆಯ ಹೆಜ್ಜೆಯಲ್ಲಿ. ಬಣ್ಣ ನೋಡದೆ, ಬಾಣಕ್ಕೆ ಹೂತ ಭಾಗವನ್ನೂ ಅರ್ಧಜ್ಯಾಕ್ಕೆ ಅರ್ಧಜ್ಯಾವನ್ನೂ ಜೊತೆ ಮಾಡಿಬಿಡುತ್ತಾರೆ. ಆಗ ಬಾಣವೂ ಹೂತ ಭಾಗವೂ ಸಮ ಎಂಬ ಉತ್ತರ ಬರುತ್ತದೆ. ಅಂದರೆ ಕಲ್ಲು ಸರಿಯಾಗಿ ಅರ್ಧ ಹೂತಿದೆ ಎಂದಾಯಿತು. ಇಂಥ ಉತ್ತರ ಬಂದರೆ ಜೋಡಿ ತಪ್ಪಿದೆ ಎಂದು ತಿಳಿಯಿರಿ.

ಮತ್ತೆ ಬೀಸುಕಲ್ಲಿನ ಬಳಿಗೆ

ಮಕ್ಕಳು ನೆಲದ ಮಟ್ಟದಲ್ಲಿ ಕಲ್ಲಿನ ಮುಖಕ್ಕೆ ದಾರ ಹಿಡಿದು ಅಗಲ ಅಳೆದರು: 36 ಸೆಂ.ಮೀ. ಅದರ ಅರ್ಧ 18. ದಾರದ ಸರಿಯಾದ ನಡುವಿನಿಂದ ಕಲ್ಲಿನ ತುದಿಯವರೆಗೆ ಎತ್ತರ 9 ಸೆಂ.ಮೀ.

18 × 18 = 324. 324 ÷ 9 = 36.

ಹೂತ ಭಾಗ 36 ಸೆಂ.ಮೀ. ಇಡೀ ಕಲ್ಲಿನ ವ್ಯಾಸ 36 + 9 = 45 ಸೆಂ.ಮೀ. ಪೈಪು ಇರುವುದು 50 ಸೆಂ.ಮೀ. ಆಳದಲ್ಲಿ. ತಾತ ಲೆಕ್ಕವನ್ನು ಎರಡು ಸಲ ನೋಡಿ, "ಹುಷಾರಾಗಿ ಅಗೆಯಿರಿ" ಎಂದರು. ಕಲ್ಲು ಹೊರಬಂದಾಗ ಹೂತ ಭಾಗ 36 ಸೆಂ.ಮೀ.ಗಿಂತ ಅರ್ಧ ಸೆಂ.ಮೀ. ಹೆಚ್ಚಿತ್ತು. ನಿಯಮ ತಪ್ಪಿತೇ? ಇಲ್ಲ. ಕೈಯಿಂದ ಕಡೆದ ಕಲ್ಲು ಪೂರ್ಣ ವೃತ್ತವಾಗಿರಲಿಲ್ಲ. ನಿಯಮ ವೃತ್ತಕ್ಕೆ ಮಾತ್ರ ಮಾತು ಕೊಟ್ಟಿದೆ.

ಇನ್ನೊಂದು ಎಚ್ಚರಿಕೆ. ಇದೇ ಕಲ್ಲು ಇನ್ನೂ ಆಳವಾಗಿ ಹೂತು, ನೆಲದ ಮಟ್ಟದಲ್ಲಿ 12 ಸೆಂ.ಮೀ. ಅಗಲ ಮಾತ್ರ ಕಾಣುತ್ತಿತ್ತು ಎನ್ನಿ. ಆಗ ಅರ್ಧಜ್ಯಾ 6, ಬಾಣ ಸುಮಾರು 8 ಮಿ.ಮೀ. ಮಾತ್ರ. ಲೆಕ್ಕ ಹಾಕಿದರೆ ವ್ಯಾಸ ಸುಮಾರು 46 ಸೆಂ.ಮೀ. ಬರುತ್ತದೆ. ಆದರೆ ಅಳೆಯುವಾಗ ಒಂದೇ ಒಂದು ಮಿ.ಮೀ. ತಪ್ಪಿ 7 ಎಂದು ಓದಿದರೆ ವ್ಯಾಸ 52 ಆಗುತ್ತದೆ. 9 ಎಂದು ಓದಿದರೆ 41 ಆಗುತ್ತದೆ! ಬಾಣ 9 ಸೆಂ.ಮೀ. ಇದ್ದಾಗ ಅದೇ ಒಂದು ಮಿ.ಮೀ. ತಪ್ಪಿನಿಂದ ವ್ಯಾಸದಲ್ಲಿ 3 ಮಿ.ಮೀ. ಮಾತ್ರ ವ್ಯತ್ಯಾಸ. ಆದ್ದರಿಂದ ಬಾಣ ಚಿಕ್ಕದಾಗಿದ್ದರೆ ಉತ್ತರವನ್ನು ನಂಬಬೇಡಿ. ಸ್ವಲ್ಪ ಮಣ್ಣು ಸರಿಸಿ, ಇನ್ನೊಂದು ಮಟ್ಟದಲ್ಲಿ ಅಳೆದು, ಎರಡು ಉತ್ತರಗಳೂ ಹೊಂದುತ್ತವೆಯೇ ನೋಡಿ.

ಕೊಳದ ತಾವರೆ

ಈ ನಿಯಮ ನಮ್ಮ ದೇಶದಲ್ಲಿ ಬಹಳ ಹಳೆಯದು. ಆರ್ಯಭಟ ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ಇದನ್ನು ಹೇಳಿದ್ದಾನೆ. 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯಲ್ಲಿ ತಾವರೆಯ ಲೆಕ್ಕವೊಂದಿದೆ. ಕೊಳದಲ್ಲಿ ತಾವರೆಯ ಮೊಗ್ಗು ನೀರಿನಿಂದ ಅರ್ಧ ಮೊಳ ಮೇಲೆ ನಿಂತಿದೆ. ಗಾಳಿ ಬೀಸಿ ದಂಟು ಬಾಗಿ, ಎರಡು ಮೊಳ ದೂರದಲ್ಲಿ ಮೊಗ್ಗು ನೀರಿನಲ್ಲಿ ಮುಳುಗಿತು. ನೀರಿನ ಆಳ ಎಷ್ಟು?

ದಂಟಿನ ಬುಡ ಕದಲುವುದಿಲ್ಲ, ದಂಟಿನ ಉದ್ದ ಬದಲಾಗುವುದಿಲ್ಲ. ಹಾಗಾಗಿ ಮೊಗ್ಗು ಚಲಿಸುವ ದಾರಿ ವೃತ್ತದ ಒಂದು ಕಂಸ, ಬುಡವೇ ಕೇಂದ್ರ. ನೀರಿನ ಮಟ್ಟವೇ ಜ್ಯಾ. ನಮ್ಮ ಬೀಸುಕಲ್ಲಿನ ಚಿತ್ರವೇ ಇದು! ಬಾಣ ಅರ್ಧ ಮೊಳ, ಅರ್ಧಜ್ಯಾ ಎರಡು ಮೊಳ.

2 × 2 = 4. 4 ÷ ½ = 8. ವ್ಯಾಸ 8 + ½ = 8½ ಮೊಳ. ಅದರ ಅರ್ಧ, ಅಂದರೆ ತ್ರಿಜ್ಯ, 4¼ ಮೊಳ. ಇದು ದಂಟಿನ ಪೂರ್ತಿ ಉದ್ದ. ನೀರಿನ ಮೇಲಿದ್ದ ಅರ್ಧ ಮೊಳ ಕಳೆದರೆ ನೀರಿನ ಆಳ 3¾ ಮೊಳ.

ನೀವೇ ಮಾಡಿ ನೋಡಿ

ಒಂದು ಊಟದ ತಟ್ಟೆಯನ್ನು ಹಾಳೆಯ ಮೇಲೆ ಬೋರಲು ಹಾಕಿ, ಅದರ ಅಂಚಿನ ಸ್ವಲ್ಪ ಭಾಗವನ್ನು ಮಾತ್ರ ಪೆನ್ಸಿಲಿನಿಂದ ಗುರುತಿಸಿ. ತಟ್ಟೆ ತೆಗೆದಿಡಿ. ಆ ಕಂಸಕ್ಕೆ ಜ್ಯಾ ಎಳೆದು, ನಡುಬಿಂದುವಿನಿಂದ ಲಂಬ ಎತ್ತಿ, ಬಾಣ ಅಳೆದು, ತಟ್ಟೆಯ ವ್ಯಾಸ ಲೆಕ್ಕ ಹಾಕಿ. ಆಮೇಲೆ ತಟ್ಟೆಯನ್ನೇ ಅಳೆದು ಹೋಲಿಸಿ. ಒಮ್ಮೆ ಚಿಕ್ಕ ಕಂಸದಿಂದ, ಒಮ್ಮೆ ದೊಡ್ಡ ಕಂಸದಿಂದ ಮಾಡಿ. ಯಾವ ಉತ್ತರ ತಟ್ಟೆಗೆ ಹೆಚ್ಚು ಹತ್ತಿರ ಬಂತು? ಏಕೆ?