ಹತ್ತು ಪಟ್ಟು ಅಕ್ಕಿಗೆ ಹತ್ತು ಪಟ್ಟು ನೀರು ಬೇಡ

ಮನೆಮಂದಿಗೆ ಒಂದು ಕೆಜಿ ಅಕ್ಕಿಯಲ್ಲಿ ಹದವಾದ ದೊನ್ನೆ ಬಿರಿಯಾನಿ ಮಾಡುವವರೇ, ನಾಮಕರಣಕ್ಕೆಂದು ನೂರು ಜನರಿಗೆ ಹತ್ತು ಕೆಜಿ ಇಟ್ಟಾಗ ತಳದಲ್ಲಿ ಮುದ್ದೆಯಾಗಿ, ಮೇಲೆ ಅಕ್ಕಿ ಗಟ್ಟಿ ಉಳಿಯುವುದುಂಟು. ಅಕ್ಕಿ, ಮಟನ್, ಪುದೀನ ಎಲ್ಲವನ್ನೂ ಹತ್ತು ಪಟ್ಟು ಮಾಡಿದ್ದು ಸರಿಯೇ. ನೀರು, ಪಾತ್ರೆ, ಹೊತ್ತು ಮಾತ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಅಗಲದ ದಬರಿ

ಹತ್ತು ಕೆಜಿ ಜೀರಿಗೆ ಸಾಂಬಾ ಅಕ್ಕಿ, ಅಷ್ಟೇ ಮಟನ್ ಬೆಂದ ಮೇಲೆ ಸುಮಾರು 45 ಲೀಟರ್ ಜಾಗ ಹಿಡಿಯುತ್ತದೆ. ಹಬೆಗೆ, ಸಟ್ಟುಗ ಆಡಿಸಲು ಜಾಗ ಬಿಟ್ಟರೆ 65 ಲೀಟರಿನ ಪಾತ್ರೆ ಬೇಕು. 40 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಪಾತ್ರೆಯೂ ಹೆಚ್ಚುಕಡಿಮೆ ಅಷ್ಟು ಹಿಡಿಯುತ್ತದೆ; 55 ಅಗಲ, 27 ಎತ್ತರದ ದಬರಿಯೂ ಹಿಡಿಯುತ್ತದೆ. ಆದರೆ ಮೊದಲನೆಯದರಲ್ಲಿ ಅನ್ನದ ಆಳ 36 ಸೆಂ.ಮೀ., ಎರಡನೆಯದರಲ್ಲಿ 19. ಆಳ ಹೆಚ್ಚಿದಷ್ಟೂ ಕೆಳಗಿನ ಅಗುಳು ಮೇಲಿನ ಭಾರಕ್ಕೆ ಜಜ್ಜಿಹೋಗುತ್ತದೆ, ಮೇಲಕ್ಕೆ ಬಿಸಿ ಏರುವುದೂ ತಡ. ಹಾಗಾಗಿ ಅಗಲದ್ದನ್ನೇ ಆರಿಸಿಕೊಳ್ಳಿ.

ಆವಿಯಾಗದೆ ಉಳಿಯುವ ನೀರು

ಹಾಕಿದ ನೀರಿನಲ್ಲಿ ಒಂದು ಪಾಲನ್ನು ಅಕ್ಕಿ ಹೀರುತ್ತದೆ, ಇನ್ನೊಂದು ಪಾಲು ಆವಿಯಾಗಿ ಹೋಗುತ್ತದೆ. ಹೀರುವ ಪಾಲು ಅಕ್ಕಿಯ ಜೊತೆ ಬೆಳೆಯುತ್ತದೆ. ಆವಿಯ ಪಾಲು ನಿಂತಿರುವುದು ಪಾತ್ರೆಯ ಬಾಯಿಯ ಮೇಲೆ. ಮನೆಯ 25 ಸೆಂ.ಮೀ. ಪಾತ್ರೆಗೆ ಹೋಲಿಸಿದರೆ ಈ ದಬರಿಯ ಬಾಯಿ ಐದು ಪಟ್ಟು ಮಾತ್ರ ದೊಡ್ಡದು, ಅಕ್ಕಿಯೋ ಹತ್ತು ಪಟ್ಟು. ಮನೆಯಲ್ಲಿ ಪಾವು ಅಕ್ಕಿಗೆ ಎರಡು ಪಾವು ನೀರು ಹಾಕುವವರು ಇಲ್ಲಿ ಒಂದೂವರೆ ಪಾವಿನಿಂದ ಶುರುಮಾಡಬೇಕು. ಮಟನ್ ಬೆಂದ ರಸವೂ ಇದರಲ್ಲೇ ಸೇರಿತು. ಅಕ್ಕಿ ಹಾಕುವ ಮೊದಲು ಅದನ್ನು ಅಳೆದುಕೊಳ್ಳಿ. ಕುದಿನೀರು ಒಂದಿಷ್ಟು ಪಕ್ಕದಲ್ಲಿರಲಿ. ಕಡಿಮೆಯಾದರೆ ಚಿಮುಕಿಸಬಹುದು, ಹೆಚ್ಚಾದದ್ದನ್ನು ತೆಗೆಯಲಾಗದು.

ಅಗುಳಿನ ಹೊತ್ತು ಅಷ್ಟೇ

ಕುದಿ ಬಂದ ಮೇಲೆ ಒಂದು ಅಗುಳು ಬೇಯಲು ಎಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹೊತ್ತು ಹಿಡಿಯುವುದು ಎರಡು ಕಡೆ. ಒಂದು, ಈರುಳ್ಳಿ ಹುರಿಯುವಾಗ: ರಾಶಿ ಹಾಕಿದರೆ ಅದು ತನ್ನ ನೀರಲ್ಲೇ ಬೇಯುತ್ತದೆ, ಕೆಂಪಾಗುವುದಿಲ್ಲ. ನಾಲ್ಕೈದು ಸಲ ಮಾಡಿ ಹುರಿಯಬೇಕು. ಇನ್ನೊಂದು, ನೆನೆದ ಅಕ್ಕಿ ಬಿದ್ದು ಕುದಿ ಇಳಿದಾಗ. ಮನೆಯ ಗ್ಯಾಸ್ ಒಲೆಗೆ ಅದನ್ನು ಬೇಗ ಏರಿಸುವ ಶಕ್ತಿಯಿಲ್ಲ. ಅಷ್ಟರಲ್ಲಿ ಅಕ್ಕಿ ಮೆತ್ತಗಾಗುತ್ತದೆ. ಸೌದೆಯ ಜೋರು ಉರಿಯೋ ದೊಡ್ಡ ಬರ್ನರೋ ಇರಲೇಬೇಕು.

ದೊಡ್ಡ ದಬರಿ ಬಿಸಿಯನ್ನು ಬೇಗ ಬಿಡುವುದಿಲ್ಲ, ಉರಿ ಎಳೆದ ಮೇಲೂ ಅಕ್ಕಿ ಬೇಯುತ್ತಿರುತ್ತದೆ. ಹಾಗಾಗಿ ದಮ್ಮಿಗೆ ಬೇಗ ಮುಚ್ಚಬೇಕು. ಅಗುಳನ್ನು ಬೆರಳಲ್ಲಿ ಒತ್ತಿದಾಗ ನಡುವೆ ಬಿಳಿ ಚುಕ್ಕೆ ಇನ್ನೂ ಸ್ಪಷ್ಟವಾಗಿ ಕಾಣುವಾಗಲೇ ಉರಿ ಎಳೆದು, ಕೆಳಗೆ ತೆಳ್ಳಗೆ, ಮುಚ್ಚಳದ ಮೇಲೆ ದಟ್ಟವಾಗಿ ಕೆಂಡ ಹರಡಿ. ಮೇಲಿನ ಅಕ್ಕಿ ಗಟ್ಟಿ ಉಳಿಯದಂತೆ ಕಾಯುವುದು ಆ ಕೆಂಡವೇ. 25 ನಿಮಿಷ ಕಳೆದ ಮೇಲೆ ಅಂಚಿನಿಂದ ಸಟ್ಟುಗ ಇಳಿಸಿ ನೋಡಿ: ತಳದ ಅಗುಳು ಬಿಡಿಯಾಗಿ ಬಂದರೆ ಬಡಿಸಬಹುದು.